30 ದಿನದ ಪಿಐಪಿ ಸೇಲ್ಸ್‌ನಲ್ಲಿ ಯಾಕೆ ನಡೆಯಲ್ಲ? ಒಂದು ಕೇಸ್ ಬಿಡಿಸಿ ನೋಡೋಣ

ನಾನು ಮೊದಲ ಸಲ ಒಬ್ಬರಿಗೆ ಪಿಐಪಿ ಕೊಟ್ಟಾಗ ಅದು ಒಂದೇ ಪುಟದಲ್ಲಿತ್ತು. 30 ದಿನ, 12 ಲಕ್ಷದ ಆರ್ಡರ್, ಬರದಿದ್ದರೆ ಮುಂದಿನ ಕ್ರಮ. ಎಚ್‌ಆರ್ ಕಳಿಸಿದ ಫಾರ್ಮ್ಯಾಟ್‌ನಲ್ಲಿ ಖಾಲಿ ಜಾಗ ತುಂಬಿ ಸಹಿ ಹಾಕಿಸಿಕೊಂಡೆ, ಅಷ್ಟೇ. 31ನೇ ದಿನ ಆ ಹುಡುಗ ಕೆಲಸ ಬಿಟ್ಟ. ಆಮೇಲೆ ಆರು ವಾರದೊಳಗೆ ಅವನೇ ಓಡಾಡಿ ಕೋಟ್ ಕೊಟ್ಟಿದ್ದ ಎರಡು ಫ್ಯಾಕ್ಟರಿಗಳಿಂದ ಪಿಒ ಬಂತು. ಆ ಎರಡೂ ಆರ್ಡರ್ ನನ್ನ ಟೇಬಲ್ ಮೇಲೆ ಬಿದ್ದಾಗ ಖುಷಿ ಪಡೋದಾ, ತಲೆ ಚಚ್ಚಿಕೊಳ್ಳೋದಾ ಗೊತ್ತಾಗಲಿಲ್ಲ.

ಪಿಐಪಿ ಅಂದರೆ ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ ಪ್ಲಾನ್. ಕೆಲಸ ಕುಂಟುತ್ತಿರುವವರಿಗೆ ಏನು ಸರಿಯಾಗಬೇಕು, ಎಷ್ಟು ದಿನದಲ್ಲಿ ಆಗಬೇಕು, ಅದಕ್ಕೆ ಕಂಪನಿ ಏನು ಸಹಾಯ ಮಾಡುತ್ತದೆ ಅಂತ ಬರೆದುಕೊಡುವ ಕಾಗದ. ಸೇಲ್ಸ್‌ನಲ್ಲಿ ಇದನ್ನು ಬರೆಯೋದು ತುಂಬಾ ಸುಲಭ ಅನ್ನಿಸುತ್ತದೆ, ಯಾಕೆಂದರೆ ಟಾರ್ಗೆಟ್ ಅನ್ನೋ ನಂಬರ್ ಮೊದಲೇ ಕೈಯಲ್ಲಿರುತ್ತದೆ. ಎಡವೋದೂ ಅಲ್ಲೇ.

ಒಂದು ಕೇಸ್ ಕಟ್ಟಿಕೊಂಡು ಮಾತಾಡೋಣ. ನಾನಿದ್ದ ಲೈನ್‌ನದ್ದೇ ತಗೊಳ್ತೀನಿ: ಪೀಣ್ಯ, ಜಿಗಣಿ, ಬೊಮ್ಮಸಂದ್ರದ ಸಣ್ಣ ಫ್ಯಾಕ್ಟರಿಗಳಿಗೆ ಏರ್ ಕಂಪ್ರೆಸರ್ ಮಾರುವುದು. ನಮ್ಮ ಎಕ್ಸಿಕ್ಯೂಟಿವ್ ಹೆಸರು ಮಹೇಶ್ ಅಂತಿಟ್ಟುಕೊಳ್ಳಿ. ಒಂದು ಆರ್ಡರ್ ಸುಮಾರು 6 ಲಕ್ಷ. ತಿಂಗಳ ಟಾರ್ಗೆಟ್ 12 ಲಕ್ಷ, ಅಂದರೆ ಎರಡು ಆರ್ಡರ್. ಆರು ತಿಂಗಳಲ್ಲಿ 12 ಆರ್ಡರ್ ಬರಬೇಕಿತ್ತು, ಬಂದದ್ದು 5. ಪಕ್ಕದ ಏರಿಯಾದಲ್ಲಿ ಅದೇ ಸರಕು, ಅದೇ ರೇಟ್ ಇಟ್ಟುಕೊಂಡು ಇನ್ನೊಬ್ಬರು 11 ತಂದಿದ್ದಾರೆ.

ಇಷ್ಟನ್ನೇ ನೋಡಿದರೆ ಬಾಯಿಗೆ ಬರೋ ಮಾತು ಒಂದೇ: ಮಹೇಶ್ ಸರಿಯಾಗಿ ಓಡಾಡುತ್ತಿಲ್ಲ. ಸಿಆರ್‌ಎಂ ತೆಗೆದು ನೋಡಿದರೆ ಕಥೆ ಬೇರೆ. ಆರು ತಿಂಗಳಲ್ಲಿ ಮಹೇಶ್ 190 ವಿಸಿಟ್ ಮಾಡಿದ್ದಾರೆ, ಪಕ್ಕದವರು 180. ಮಹೇಶ್ ಕೊಟ್ಟ ಕೋಟ್ 54, ಪಕ್ಕದವರದ್ದು 30. ಅಂದರೆ ಓಡಾಟವೂ ಜಾಸ್ತಿ, ಕೋಟೂ ಜಾಸ್ತಿ, ಆರ್ಡರ್ ಮಾತ್ರ ಅರ್ಧಕ್ಕಿಂತ ಕಡಿಮೆ. ಪಕ್ಕದವರಿಗೆ ಹೆಚ್ಚುಕಮ್ಮಿ ಮೂರು ಕೋಟ್‌ಗೆ ಒಂದು ಆರ್ಡರ್ ಬೀಳುತ್ತಿದೆ, ಮಹೇಶ್‌ಗೆ ಹನ್ನೊಂದು ಕೋಟ್‌ಗೆ ಒಂದು.

ಇನ್ನೊಂದು ಸಲ ಬಗೆದು ನೋಡಬೇಕು. ಆ 54 ಕೋಟ್‌ಗಳಲ್ಲಿ ಸೈಟ್ ಸರ್ವೆ ಮಾಡಿ ಕೊಟ್ಟದ್ದು ಎಷ್ಟು? ಬರೀ 9. ಬಂದ 5 ಆರ್ಡರ್‌ನಲ್ಲಿ 3 ಆ ಒಂಬತ್ತರಿಂದಲೇ ಬಂದಿವೆ. ಉಳಿದ 45 ಕೋಟ್‌ಗಳು ಗೇಟಿನಲ್ಲಿ ಕಾರ್ಡ್ ಕೊಟ್ಟು, ಪರ್ಚೇಸ್‌ನವರು "ಒಂದು 30 ಎಚ್‌ಪಿಗೆ ರೇಟ್ ಕಳಿಸಿ" ಅಂದ ತಕ್ಷಣ ಸಂಜೆಗೆ ಮೇಲ್ ಮಾಡಿದಂಥವು. ಅವುಗಳಿಂದ ಎರಡೇ ಆರ್ಡರ್. ತೂತು ಎಲ್ಲಿದೆ ಅಂತ ಈಗ ಕಾಣುತ್ತಿದೆ ಅಲ್ವಾ? "ಇನ್ನೂ ಜಾಸ್ತಿ ವಿಸಿಟ್ ಮಾಡಿ" ಅಂತ ಇವರಿಗೆ ಪಿಐಪಿ ಬರೆದರೆ ತೂತಾದ ಬಿಂದಿಗೆಗೆ ಇನ್ನಷ್ಟು ನೀರು ಹೊಯ್ದಂತೆ.

ಸರ್ವೆ ಅಂದರೆ ಏನು ಅಂತ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಗಾಳಿಮಾತಾಗುತ್ತದೆ. ಹಳೇ ಕಂಪ್ರೆಸರ್‌ನ ನೇಮ್‌ಪ್ಲೇಟ್ ಬರೆದುಕೊಳ್ಳುವುದು, ಯಾವ ಮಷಿನ್‌ಗೆ ಎಷ್ಟು ಗಾಳಿ ಬೇಕು ಅಂತ ಪಟ್ಟಿ ಮಾಡುವುದು, ದಿನಕ್ಕೆ ಎಷ್ಟು ಗಂಟೆ ಓಡುತ್ತದೆ ಕೇಳುವುದು. ಎಲ್ಲಕ್ಕಿಂತ ಮುಖ್ಯ, ಊಟದ ಹೊತ್ತಿನಲ್ಲಿ ಲೀಕ್ ಟೆಸ್ಟ್. ಆಗ ಮಷಿನ್‌ಗಳೆಲ್ಲ ನಿಂತಿರುತ್ತವೆ, ಗಾಳಿ ಬಳಸುವವರು ಯಾರೂ ಇಲ್ಲ. ಕಂಪ್ರೆಸರ್ ಒಂದನ್ನೇ ಓಡಿಸಿ, ಅದು ಎಷ್ಟು ಹೊತ್ತು ಲೋಡ್‌ನಲ್ಲಿ ಗಾಳಿ ತುಂಬುತ್ತದೆ, ಎಷ್ಟು ಹೊತ್ತು ಅನ್‌ಲೋಡ್‌ನಲ್ಲಿ ಗಾಳಿ ತುಂಬದೆ ಸುಮ್ನೆ ಇರುತ್ತದೆ ಅಂತ ವಾಚ್ ಹಿಡಿದು ನೋಡಬೇಕು. 10 ನಿಮಿಷದಲ್ಲಿ 3 ನಿಮಿಷ ಲೋಡ್ ಆದರೆ, ಆ ಕಂಪ್ರೆಸರ್ ಕೊಡಬಲ್ಲ ಗಾಳಿಯಲ್ಲಿ 30% ಪೈಪ್ ಜಾಯಿಂಟ್‌ಗಳಲ್ಲೇ ಸೋರುತ್ತಿದೆ ಅಂತ ಅರ್ಥ. ಇದನ್ನು ಓನರ್ ಮುಂದೆ ಇಟ್ಟು "ಸರ್, ಲೀಕ್ ಸರಿ ಮಾಡಿಸಿದರೆ ನಿಮಗೆ 30 ಬೇಡ, 20 ಎಚ್‌ಪಿ ಸಾಕು" ಅಂತ ಹೇಳುವ ಮನುಷ್ಯನ ಜೊತೆ ಓನರ್ ಮಾತಾಡುವ ರೀತಿಯೇ ಬೇರೆ. ಮೇಲ್‌ನಲ್ಲಿ ರೇಟ್ ಕಳಿಸಿದವನು ಅವರಿಗೆ ಮೂರು ಕೋಟ್‌ನಲ್ಲಿ ಒಂದು ಕೋಟ್, ಅಷ್ಟೇ.

ಪಿಐಪಿ ಬರೆಯುವ ಮುಂಚೆ ಇನ್ನೊಂದು ಕೆಲಸ ಬಾಕಿ ಇದೆ, ಇದನ್ನು ಹೆಚ್ಚಿನ ಮ್ಯಾನೇಜರ್‌ಗಳು ಮಾಡಲ್ಲ. ಕೈತಪ್ಪಿದ ಹತ್ತು ಗಿರಾಕಿಗಳಿಗೆ ಮ್ಯಾನೇಜರ್ ತಾವೇ ಫೋನ್ ಮಾಡಬೇಕು. ಯಾಕೆ ನಮ್ಮ ಹತ್ತಿರ ತಗೊಳ್ಳಲಿಲ್ಲ ಅಂತ ಕೇಳಬೇಕು. "ನಿಮ್ಮವರು ಒಳಗೆ ಬಂದು ನೋಡಲೇ ಇಲ್ಲ" ಅನ್ನುವ ಉತ್ತರ ಜಾಸ್ತಿ ಬಂದರೆ ತೊಂದರೆ ಮಹೇಶ್ ಕಡೆ ಇದೆ. "ಡೆಲಿವರಿ ಹತ್ತು ವಾರ ಅಂದ್ರಿ", "ಸರ್ವಿಸ್‌ಗೆ ಫೋನ್ ಮಾಡಿದ್ರೆ ಎತ್ತಲ್ಲ" ಅಂತ ಬಂದರೆ ತೊಂದರೆ ಕಂಪನಿ ಕಡೆ ಇದೆ, ಆಗ ಪಿಐಪಿ ಬೇಕಾಗಿರೋದು ಬೇರೆಯವರಿಗೆ. ಏರಿಯಾನೂ ನೋಡಬೇಕು: ಇದೇ ಏರಿಯಾದಲ್ಲಿ ಹಿಂದೆ ಇದ್ದವರು ಎಷ್ಟು ತರುತ್ತಿದ್ದರು, ಈ ವರ್ಷ ದೊಡ್ಡ ಗಿರಾಕಿಗಳನ್ನು ಇವರಿಂದ ಕಿತ್ತು ಇನ್ನೊಬ್ಬರಿಗೆ ಕೊಟ್ಟಿದ್ದೀರಾ? ಮನೆಯಲ್ಲಿ ಏನಾದರೂ ಕಷ್ಟ, ಆರೋಗ್ಯದ ತೊಂದರೆ ಇದ್ದರೆ ಮೊದಲು ರಜೆಯ ಮಾತಾಡಿ.

ಇಷ್ಟೆಲ್ಲ ನೋಡಿದ ಮೇಲೂ ತೊಂದರೆ ಮಹೇಶ್ ಕೆಲಸದ ರೀತಿಯಲ್ಲೇ ಇದೆ ಅಂತ ಖಾತ್ರಿಯಾದರೆ, ಆಗ ದಿನದ ಲೆಕ್ಕ.

ಎಷ್ಟು ದಿನ ಕೊಡಬೇಕು?

ನಮ್ಮ ಲೈನ್‌ನಲ್ಲಿ ಮೊದಲ ಭೇಟಿಯಿಂದ ಪಿಒ ತನಕ ಸುಮಾರು 75 ದಿನ ಹಿಡಿಯುತ್ತದೆ. ಓನರ್ ಯೋಚಿಸಬೇಕು, ಮೂರು ಕೋಟ್ ತರಿಸಬೇಕು, ಬ್ಯಾಂಕ್‌ನಲ್ಲಿ ಮಷಿನರಿ ಲೋನ್ ಆಗಬೇಕು. ಹೀಗಿರುವಾಗ 30 ದಿನದಲ್ಲಿ ಎರಡು ಆರ್ಡರ್ ತನ್ನಿ ಅಂದರೆ ಏನಾಗುತ್ತದೆ? ಆ 30 ದಿನದಲ್ಲಿ ಬರುವ ಆರ್ಡರ್, ಬರದ ಆರ್ಡರ್ ಎರಡೂ ಹಿಂದಿನ ಎರಡು ತಿಂಗಳ ಕೆಲಸದ ಫಲ. ಮಹೇಶ್ ನಾಳೆಯಿಂದಲೇ ಪೂರ್ತಿ ಬದಲಾದರೂ ಅದು ನಿಮ್ಮ ಕಣ್ಣಿಗೆ ಬೀಳಲ್ಲ. ಇನ್ನೂ ಕೆಟ್ಟದ್ದು ಅಂದರೆ, ಏನೂ ಬದಲಾಗದಿದ್ದರೂ ಹಳೇದೊಂದು ಆರ್ಡರ್ ಅದೃಷ್ಟಕ್ಕೆ ಬಿದ್ದು ಪಾಸಾಗಿಬಿಡಬಹುದು.

ಆದ್ದರಿಂದ ನನ್ನ ಲೆಕ್ಕ ಇಷ್ಟೇ: ಒಂದು ಆರ್ಡರ್ ಹಣ್ಣಾಗೋಕೆ ಎಷ್ಟು ದಿನ ಬೇಕೋ ಅದಕ್ಕಿಂತ ಸ್ವಲ್ಪ ಜಾಸ್ತಿ ಪಿಐಪಿ ಇರಬೇಕು. ಇಲ್ಲಿ 90 ದಿನ. ಬಿಸ್ಕೆಟ್, ಸೋಪು ಮಾರುವವರಿಗೆ ಇಷ್ಟೊಂದು ಬೇಡ, ಅಲ್ಲಿ ಪ್ರತಿ ವಾರ ಅದೇ ಅಂಗಡಿಗೆ ಹೋಗಿ ಅದೇ ದಿನ ಬಿಲ್ ಮಾಡುತ್ತಾರೆ, 30-45 ದಿನದಲ್ಲೇ ಗೊತ್ತಾಗುತ್ತದೆ. ಆಸ್ಪತ್ರೆಗೆ ದೊಡ್ಡ ಮಷಿನ್ ಮಾರುವವರಿಗೆ 90 ದಿನವೂ ಸಾಲದು, ಅಲ್ಲಿ ಆರ್ಡರ್ ಎಣಿಸೋದನ್ನೇ ಬಿಟ್ಟು ಡೆಮೋ ಆಯ್ತಾ, ಬಜೆಟ್‌ಗೆ ಮಂಜೂರಾತಿ ಸಿಕ್ತಾ ಅಂತ ಮೆಟ್ಟಿಲುಗಳನ್ನು ಎಣಿಸಬೇಕು.

90 ದಿನ ಅಂದ ತಕ್ಷಣ ಓನರ್‌ಗಳು ಹೌಹಾರುತ್ತಾರೆ, "ಮೂರು ತಿಂಗಳು ಸುಮ್ನೆ ಸಂಬಳ ಕೊಡಬೇಕಾ" ಅಂತ. ಸುಮ್ನೆ ಅಲ್ಲ. 30 ಮತ್ತು 60ನೇ ದಿನ ನಿಲ್ಲಿಸಿ ನೋಡುವ ಕಟ್ಟೆಗಳಿರುತ್ತವೆ, ಅಲ್ಲಿ ಅಳೆಯುವ ವಸ್ತು ಬೇರೆ ಬೇರೆ.

ಮೊದಲ 30 ದಿನ ಆರ್ಡರ್ ಕೇಳಲೇಬಾರದು. ಮಹೇಶ್ 8 ಸರ್ವೆ ಮಾಡಬೇಕು, ಸರ್ವೆ ಇಲ್ಲದೆ ಒಂದೂ ಕೋಟ್ ಹೊರಗೆ ಹೋಗಬಾರದು, ಕೋಟ್ 6 ಆಗಬೇಕು. ಜೊತೆಗೆ ಹಳೇ ತೆರೆದ ಕೋಟ್‌ಗಳಲ್ಲಿ ಜೀವ ಇರುವ 15ನ್ನು ಆರಿಸಿ ಮತ್ತೆ ಮಾತಾಡಿ, ಇದು ಬದುಕಿದೆ ಇದು ಸತ್ತಿದೆ ಅಂತ ಬೇರ್ಪಡಿಸಬೇಕು. ಎರಡನೇ ತಿಂಗಳು 10 ಸರ್ವೆ, 8 ಕೋಟ್, ಅದರಲ್ಲಿ ಕನಿಷ್ಠ ನಾಲ್ಕನ್ನು ಪರ್ಚೇಸ್‌ನವರಿಗೆ ಕೊಟ್ಟು ಬರದೆ ಓನರ್ ಎದುರು ಕೂತು ವಿವರಿಸಿರಬೇಕು, ಮತ್ತು 1 ಆರ್ಡರ್. ಮೂರನೇ ತಿಂಗಳು ಮತ್ತೆ 10 ಸರ್ವೆ, 8 ಕೋಟ್, 2 ಆರ್ಡರ್.

ಒಟ್ಟು 3 ಆರ್ಡರ್. ಪೂರ್ತಿ ಟಾರ್ಗೆಟ್ 6 ಇರುವಾಗ ಅರ್ಧವೇ ಯಾಕೆ ಅಂತ ನಿಮ್ಮ ಮೇಲಿನವರು ಕೇಳೇ ಕೇಳುತ್ತಾರೆ, ಲೆಕ್ಕ ಕೈಯಲ್ಲಿರಲಿ. 75 ದಿನ ಹಿಡಿಯುವ ಧಂದೆಯಲ್ಲಿ ಈ 90 ದಿನದೊಳಗೆ ಹಣ್ಣಾಗುವುದು ಬಹುಪಾಲು ಮೊದಲ ತಿಂಗಳ 6 ಕೋಟ್ ಮಾತ್ರ. ಮೂರಕ್ಕೆ ಒಂದರಂತೆ ಅದರಿಂದ 2. ಕೆದಕಿ ಎಬ್ಬಿಸಿದ ಹಳೇ ಕೋಟ್‌ಗಳಿಂದ 1. ಆಗಬಲ್ಲದ್ದನ್ನು ಕೇಳಿದ್ದೀರಿ ಅಂತ ತೋರಿಸಲು ಆಗಬೇಕು, ಇಲ್ಲದಿದ್ದರೆ ಅದು ಓಡಿಸುವ ಕಾಗದ ಅಂತ ಮಹೇಶ್‌ಗೂ ಗೊತ್ತಾಗುತ್ತದೆ, ಆಫೀಸಿಗೆಲ್ಲ ಗೊತ್ತಾಗುತ್ತದೆ.

ಇನ್ನೊಂದು ಲೆಕ್ಕ ಎಲ್ಲರೂ ಮರೆಯುತ್ತಾರೆ. ಒಂದು ಸರ್ವೆಗೆ ಅರ್ಧ ದಿನ, ಅದರ ರಿಪೋರ್ಟ್ ಮತ್ತು ಕೋಟ್ ಮಾಡೋಕೆ ಇನ್ನರ್ಧ ದಿನ. ತಿಂಗಳಿಗೆ 10 ಸರ್ವೆ ಅಂದರೆ 10 ದಿನ ಹೋಯಿತು. ಮಹೇಶ್ ಈಗ ತಿಂಗಳಿಗೆ 32 ವಿಸಿಟ್ ಮಾಡುತ್ತಿದ್ದಾರೆ, ಅದೂ ಇರಲಿ ಇದೂ ಆಗಲಿ ಅಂದರೆ ಎರಡೂ ಆಗಲ್ಲ, ಸರ್ವೆ ಹೆಸರಿನಲ್ಲಿ ನಾಲ್ಕು ಫೋಟೋ ಬರುತ್ತವೆ. ಹಾಗಾಗಿ ವಿಸಿಟ್ ಟಾರ್ಗೆಟ್ 20ಕ್ಕೆ ಇಳಿಸಿದ್ದೇವೆ ಅಂತ ಅದೇ ಕಾಗದದಲ್ಲಿ ಬರೆಯಬೇಕು.

ಸಹಾಯದ ಪುಟ

"ಅಗತ್ಯ ತರಬೇತಿ ಮತ್ತು ಮಾರ್ಗದರ್ಶನ ನೀಡಲಾಗುವುದು" ಅಂತ ಒಂದು ಸಾಲು ಪ್ರತಿ ಪಿಐಪಿಯಲ್ಲೂ ಇರುತ್ತದೆ. ಅದರಿಂದ ನಯಾಪೈಸೆ ಉಪಯೋಗ ಇಲ್ಲ. ಯಾರು, ಯಾವ ದಿನ, ಏನು ಮಾಡುತ್ತಾರೆ ಅಂತ ಇರಬೇಕು. ನಮ್ಮ ಕೇಸ್‌ನಲ್ಲಿ ನಾನು ಹೀಗೆ ಬರೆಯುತ್ತೇನೆ:

> ಮೊದಲ ಎರಡು ವಾರದಲ್ಲಿ ಅಪ್ಲಿಕೇಶನ್ ಎಂಜಿನಿಯರ್ ನಿಮ್ಮ ಜೊತೆ 4 ಸರ್ವೆಗೆ ಬರುತ್ತಾರೆ. ಮೊದಲ ಎರಡನ್ನು ಅವರು ಮಾಡುತ್ತಾರೆ, ನೀವು ನೋಡುತ್ತೀರಿ. ಮುಂದಿನ ಎರಡನ್ನು ನೀವು ಮಾಡುತ್ತೀರಿ, ಅವರು ನೋಡುತ್ತಾರೆ. ಮೊದಲ ತಿಂಗಳು ವಾರಕ್ಕೊಂದು, ನಂತರ ಹದಿನೈದು ದಿನಕ್ಕೊಂದು ಭೇಟಿಗೆ ನಾನು ಜೊತೆಗಿರುತ್ತೇನೆ. ರೇಟ್ ಅಪ್ರೂವಲ್ ಕೇಳಿದರೆ ಒಂದು ಕೆಲಸದ ದಿನದೊಳಗೆ ಉತ್ತರ ಕೊಡುತ್ತೇನೆ. ಇವುಗಳಲ್ಲಿ ನಮ್ಮ ಕಡೆಯಿಂದ ಯಾವುದಾದರೂ ತಡವಾದರೆ ಅಷ್ಟು ದಿನ ನಿಮ್ಮ ಅವಧಿಗೆ ಸೇರುತ್ತದೆ.

ಆ ಕೊನೆಯ ವಾಕ್ಯವನ್ನು ತೆಗೆಸಲು ಎಚ್‌ಆರ್ ಸ್ವಲ್ಪ ಒದ್ದಾಡುತ್ತದೆ. ಬಿಡಬೇಡಿ. ಎಂಜಿನಿಯರ್ ಬೇರೆ ಪ್ರಾಜೆಕ್ಟ್‌ಗೆ ಹೋಗಿ ಮೂರು ವಾರ ಸಿಗಲಿಲ್ಲ ಅನ್ನೋದು ನಮ್ಮಲ್ಲಿ ದಿನಾ ನಡೆಯುವಂಥದ್ದು, ಅದರ ಹೊರೆ ಮಹೇಶ್ ತಲೆ ಮೇಲೆ ಬೀಳಬಾರದು.

ಜೊತೆಗೆ ಹೋಗುವ ಭೇಟಿಯಲ್ಲಿ ಮ್ಯಾನೇಜರ್‌ಗಳು ಮಾಡುವ ತಪ್ಪೊಂದಿದೆ, ನಾನೂ ಎಷ್ಟೋ ಸಲ ಮಾಡಿದ್ದೇನೆ. ಮಾತು ಎಲ್ಲೋ ತಡವರಿಸಿತು ಅಂತ ನಾವೇ ಬಾಯಿ ಹಾಕಿ, ನಾವೇ ಡೀಲ್ ಮುಗಿಸಿಬಿಡುತ್ತೇವೆ. ಆರ್ಡರ್ ಬಂತು, ಸರಿ, ಆದರೆ ಮಹೇಶ್ ಕಲಿತರಾ? ಆ ಆರ್ಡರ್ ಪಿಐಪಿ ಲೆಕ್ಕಕ್ಕೆ ಬರುತ್ತದಾ ಇಲ್ಲವಾ ಅಂತ ಆಮೇಲೆ ಜಗಳ ಬೇರೆ. ಬಾಯಿ ಮುಚ್ಚಿಕೊಂಡು ಕೂರಿ, ವಾಪಸ್ ಬರುವಾಗ ದಾರಿಯಲ್ಲಿ ಟೀ ಕುಡಿಯುತ್ತಾ ಒಂದೇ ಒಂದು ವಿಷಯ ಹೇಳಿ. ಐದು ಹೇಳಿದರೆ ಐದೂ ಮರೆತುಹೋಗುತ್ತವೆ.

ಮೊದಲ ಮಾತು

ಕಾಗದವನ್ನು ಶುಕ್ರವಾರ ಸಂಜೆ ಮೇಲ್‌ನಲ್ಲಿ ಕಳಿಸುವವರಿದ್ದಾರೆ. ದಯವಿಟ್ಟು ಬೇಡ. ವಾರದ ಮೊದಲ ದಿನಗಳಲ್ಲಿ ಎದುರು ಕೂರಿಸಿಕೊಂಡು, ಮೇಲಿನ ನಂಬರ್‌ಗಳನ್ನು ತೋರಿಸಿ. ಮಹೇಶ್ ಕೇಳುವ ಮೊದಲ ಪ್ರಶ್ನೆ ಗ್ಯಾರಂಟಿ ಇದೇ: "ಸರ್, ಇದು ನನ್ನನ್ನ ಕಳಿಸೋಕೆ ತಾನೇ?" ಇದಕ್ಕೆ "ಛೆ ಛೆ, ಹಾಗೇನಿಲ್ಲ" ಅಂತ ಹೇಳಿದರೆ ಸುಳ್ಳು ಹೇಳಿದಂತೆ. ನಾನು ಹೇಳುವುದು: "ಆಗದಿದ್ದರೆ ಕೆಲಸ ಹೋಗುತ್ತೆ ಮಹೇಶ್, ಅದು ಇದರಲ್ಲೇ ಬರೆದಿದೆ. ಆದ್ರೆ ನೀವು ಸರ್ವೆ ಮಾಡಿದ ಒಂಬತ್ತರಲ್ಲಿ ಮೂರು ಆರ್ಡರ್ ಬಂದಿದೆ ನೋಡಿ. ನಿಮಗೆ ಮಾರೋಕೆ ಬರುತ್ತೆ. ಉಳಿದ ನಲವತ್ತೈದರಲ್ಲಿ ನೀವು ಮಾರಲೇ ಇಲ್ಲ, ಬರೀ ಮೇಲ್ ಕಳಿಸಿದ್ದೀರಿ."

ಅವರು ಒಪ್ಪದಿದ್ದರೆ, ಒಪ್ಪದ ಮಾತನ್ನೂ ಅದೇ ಕಾಗದದ ಕೆಳಗೆ ಅವರ ಕೈಯಿಂದಲೇ ಬರೆಸಿ. ಸಹಿ ಅಂದರೆ ಓದಿದ್ದೇನೆ ಅಂತ ಮಾತ್ರ ಅರ್ಥ, ಒಪ್ಪಿದ್ದೇನೆ ಅಂತ ಅಲ್ಲ, ಅದನ್ನೂ ಹೇಳಿ. ಸಂಬಳ ಮುಟ್ಟಬೇಡಿ, ಆರ್ಡರ್ ಬಂದರೆ ಇನ್ಸೆಂಟಿವ್ ಎಲ್ಲರಿಗೂ ಸಿಗುವಂತೆಯೇ ಸಿಗಲಿ. ಮತ್ತೆ ಕಳಿಸೋದು ಅಂತ ಮನಸ್ಸಿನಲ್ಲಿ ಆಗಲೇ ತೀರ್ಮಾನ ಆಗಿದ್ದರೆ ಈ ನಾಟಕ ಬೇಡ, ಕೂತು ಮಾತಾಡಿ ನೋಟಿಸ್ ಕೊಟ್ಟು ಗೌರವವಾಗಿ ಬೀಳ್ಕೊಡಿ. ನಮ್ಮಲ್ಲಿ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ, ಆ ಕಾಯ್ದೆಯಡಿ ಬರುವ ನೌಕರರು ಸತತ ಆರು ತಿಂಗಳು ಕೆಲಸ ಮಾಡಿದ್ದರೆ ಸರಿಯಾದ ಕಾರಣ ಬೇಕು, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳವೂ ಬೇಕು. ಆ "ಸರಿಯಾದ ಕಾರಣ" ಏನು ಅಂತ ನಾಳೆ ಯಾರಾದರೂ ಕೇಳಿದರೆ ತೋರಿಸಬೇಕಾದದ್ದು ಈ ಕಾಗದವನ್ನೇ. ಅದಕ್ಕೇ ಅದರಲ್ಲಿ "ಮನೋಭಾವ ಸರಿಯಿಲ್ಲ", "ಉತ್ಸಾಹ ಕಡಿಮೆ" ಅನ್ನುವಂಥವು ಇರಬಾರದು.

ವಾರದ ಅರ್ಧ ಗಂಟೆ

ಪ್ರತಿ ಶನಿವಾರ ಬೆಳಿಗ್ಗೆ ಅರ್ಧ ಗಂಟೆ ಸಾಕು. ಈ ವಾರ ಯಾವ ಸರ್ವೆ ಆಯಿತು, ಯಾವುದು ಎಲ್ಲಿ ನಿಂತಿದೆ, ನನ್ನಿಂದ ಏನು ಬೇಕು. ಮಾತಾಡಿದ್ದನ್ನು ಅದೇ ದಿನ ನಾಲ್ಕು ಸಾಲು ಮೇಲ್ ಮಾಡಿ. ಇದನ್ನು ಎರಡು ವಾರ ತಪ್ಪಿಸಿದರೆ ಪಿಐಪಿ ಸತ್ತಿತು ಅಂತಲೇ ಲೆಕ್ಕ, ತಪ್ಪಿಸುವವರು ಹೆಚ್ಚಾಗಿ ಮ್ಯಾನೇಜರ್‌ಗಳೇ.

ಕಳ್ಳಾಟ ನಡೆಯುತ್ತಿದೆಯಾ ಅಂತ ಗೊತ್ತಾಗೋದು ಹೇಗೆ? ಸರ್ವೆ ರಿಪೋರ್ಟ್‌ಗಳಲ್ಲಿ ಎಲ್ಲ ಕಡೆ ಲೀಕ್ 20%, ಎಲ್ಲ ಕಡೆ ಒಂದೇ ಪ್ರೆಷರ್ ಬಂದಿದ್ದರೆ ಅದು ಆಫೀಸಿನಲ್ಲಿ ಕೂತು ಬರೆದದ್ದು. ನಿಜವಾದ ಫ್ಯಾಕ್ಟರಿಗಳು ಅಷ್ಟು ಚೆನ್ನಾಗಿ ಒಂದೇ ಥರ ಇರಲ್ಲ. ತಿಂಗಳಿಗೆ ಎರಡು ಗಿರಾಕಿಗಳಿಗೆ ಫೋನ್ ಮಾಡಿ "ನಮ್ಮವರು ಬಂದಿದ್ದರಲ್ಲ, ಹೇಗಿತ್ತು ಸರ್ವೆ" ಅಂತ ವಿಚಾರಿಸಿ, ಹೀಗೆ ವಿಚಾರಿಸುತ್ತೇನೆ ಅಂತ ಮಹೇಶ್‌ಗೆ ಮೊದಲೇ ಹೇಳಿರಿ. ಆರ್ಡರ್ ವಿಷಯದಲ್ಲಿ ಪಿಒ ಜೊತೆ ಅಡ್ವಾನ್ಸ್ ಬಂದರೆ ಮಾತ್ರ ಲೆಕ್ಕ. ಇಲ್ಲದಿದ್ದರೆ 88ನೇ ದಿನ ಪರಿಚಯದವರಿಂದ ಒಂದು ಪಿಒ ಬರುತ್ತದೆ, 95ನೇ ದಿನ ಕ್ಯಾನ್ಸಲ್ ಆಗುತ್ತದೆ.

ಕಟ್ಟೆಗಳಲ್ಲಿ ತೀರ್ಮಾನ

30ನೇ ದಿನ ಸರ್ವೆ 8ರ ಬದಲು 3 ಆಗಿದ್ದರೆ, ಅದೂ ಎಂಜಿನಿಯರ್ ಸಿಕ್ಕಿದ್ದೂ ಆಗಿದ್ದರೆ, ಮುಂದಕ್ಕೆ ಎಳೆಯುವುದರಲ್ಲಿ ಅರ್ಥವಿಲ್ಲ, ಅವತ್ತೇ ನೇರವಾಗಿ ಮಾತಾಡಬೇಕು. ಸರ್ವೆ ಮಾಡೋದು ಗಿರಾಕಿ ಕೈಯಲ್ಲಿಲ್ಲ, ಮಹೇಶ್ ಕೈಯಲ್ಲೇ ಇದೆ. 60ನೇ ದಿನ ಸರ್ವೆ, ಕೋಟ್ ಎಲ್ಲ ಆಗಿದ್ದು ಆರ್ಡರ್ ಮಾತ್ರ ಬಂದಿಲ್ಲ ಅಂದರೆ ಗಾಬರಿ ಬೇಡ, ಕೋಟ್‌ಗಳು ಎಲ್ಲಿ ನಿಂತಿವೆ ಅಂತ ಒಂದೊಂದಾಗಿ ನೋಡಿ.

ನಮ್ಮ ಮಹೇಶ್ ಕಥೆ ಹೀಗೆ ಸಾಗಿತು ಅಂದುಕೊಳ್ಳಿ. 30ನೇ ದಿನಕ್ಕೆ 7 ಸರ್ವೆ, 6 ಕೋಟ್. 60ಕ್ಕೆ ಇನ್ನೂ 10 ಸರ್ವೆ, ಹಳೇ ಕೋಟ್‌ನಿಂದ ಒಂದು ಆರ್ಡರ್. 90ನೇ ದಿನಕ್ಕೆ ಮೊದಲ ತಿಂಗಳ ಸರ್ವೆಯಿಂದ ಇನ್ನೊಂದು ಆರ್ಡರ್. ಮೂರನೆಯದು ಓನರ್ ಒಪ್ಪಿಯಾಗಿದೆ, ಬ್ಯಾಂಕ್‌ನಲ್ಲಿ ಲೋನ್ ಫೈಲ್ ಕೂತಿದೆ. ಕಾಗದದ ಪ್ರಕಾರ ಫೇಲ್, ಮೂರು ಬೇಕಿತ್ತು ಎರಡೇ ಬಂದಿದೆ. ಎಚ್‌ಆರ್ ಫೈಲ್ ಮುಚ್ಚೋಣ ಅನ್ನುತ್ತದೆ.

ನಾನಾದರೆ ಮೊದಲು ಆ ಓನರ್‌ಗೆ ಫೋನ್ ಮಾಡುತ್ತೇನೆ, ಆಮೇಲೆ ಪಿಐಪಿ ಕೊಟ್ಟ ನಂತರದ ಕೋಟ್‌ಗಳ ಲೆಕ್ಕ ತೆಗೆಯುತ್ತೇನೆ. 22 ಕೋಟ್ ಹೋಗಿದೆ, ಒಂದೂ ಸರ್ವೆ ಇಲ್ಲದೆ ಹೋಗಿಲ್ಲ, ಅದರಲ್ಲಿ 16 ಇನ್ನೂ ಹಣ್ಣಾಗೋ ಹೊತ್ತೇ ಬಂದಿಲ್ಲ. ಅಂಥವರಿಗೆ ಒಂದೇ ಷರತ್ತಿನ 30 ದಿನ ಹೆಚ್ಚಿಗೆ ಕೊಡುತ್ತೇನೆ: ಆ ಮೂರನೇ ಆರ್ಡರ್ ಅಥವಾ ಅದರ ಬದಲು ಬೇರೊಂದು, ಅಡ್ವಾನ್ಸ್ ಸಮೇತ. ಹೀಗೆ ಹೆಚ್ಚಿಗೆ ಕೊಡಬಹುದು, ಆದರೆ ಒಂದೇ ಸಲ ಅಂತ ಮೊದಲ ದಿನದ ಕಾಗದದಲ್ಲೇ ಒಂದು ಸಾಲು ಬರೆದಿಟ್ಟಿದ್ದರೆ ಈ ವಿಷಯಕ್ಕೆ ಯಾರ ಜೊತೆಗೂ ವಾದ ಮಾಡಬೇಕಾಗಿಲ್ಲ.